ಹೇಳಿ ಕಳಿಸಿದವರಿಗೆ ಎಷ್ಟು ಪಾಲು?

ಆನ್‌ಲೈನ್ ಕೋರ್ಸ್ ಮಾರುವವರು ಅಫಿಲಿಯೇಟ್ ವ್ಯವಸ್ಥೆ ಶುರುಮಾಡಲು ಹೊರಟಾಗ ಮೊದಲು ಕೇಳುವುದು ‘ಎಷ್ಟು ಪರ್ಸೆಂಟ್ ಕೊಡಬೇಕು?’ ಎಂದು. ಒಬ್ಬರು ಹತ್ತು ಎನ್ನುತ್ತಾರೆ, ಇನ್ನೊಬ್ಬರು ಐವತ್ತು. ಎಂಬತ್ತು ಕೊಡುತ್ತೇವೆ ಎಂಬ ಜಾಹೀರಾತುಗಳೂ ಫೋನಿನಲ್ಲಿ ಕಾಣುತ್ತವೆ. ಯಾರದೋ ಅಂಕಿಯನ್ನು ಎತ್ತಿಕೊಂಡು ಬಂದು ತಮ್ಮ ಕೋರ್ಸಿಗೆ ಅಂಟಿಸಿಕೊಂಡವರಿಗೆ ಕೆಲವೇ ತಿಂಗಳಲ್ಲಿ ಎರಡರಲ್ಲೊಂದು ತೊಂದರೆ ಎದುರಾಗುತ್ತದೆ: ಒಂದೋ ಮಾರಾಟ ಹೆಚ್ಚಿದರೂ ಕೈಯಲ್ಲಿ ಹಣ ನಿಲ್ಲುವುದಿಲ್ಲ, ಇಲ್ಲವೇ ಪ್ರಚಾರ ಮಾಡಿಕೊಟ್ಟವರು ‘ನಮಗೆ ಮೋಸವಾಯಿತು’ ಎಂದು ದೂರ ಸರಿಯುತ್ತಾರೆ. ನ್ಯಾಯವಾದ ಕಮಿಷನ್ ಎಷ್ಟು ಎಂಬುದು ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದನ್ನು ನಮ್ಮ ಲೆಕ್ಕದ ಪುಸ್ತಕದಿಂದಲೇ ತೆಗೆಯಬೇಕು.

ಅಫಿಲಿಯೇಟ್ ಎಂದರೆ ನಮ್ಮ ಕೋರ್ಸಿನ ಬಗ್ಗೆ ತಮ್ಮ ಬಳಗಕ್ಕೆ ಹೇಳಿ, ಹಾಗೆ ಹೇಳಿದ್ದರಿಂದ ಯಾರಾದರೂ ಸೇರಿದರೆ ಅದರಲ್ಲಿ ಪಾಲು ಪಡೆಯುವವರು. ಅವರಿಗೆ ಸಂಬಳವಿಲ್ಲ, ಟಾರ್ಗೆಟ್ ಇಲ್ಲ. ಪ್ರತಿಯೊಬ್ಬರಿಗೂ ಅವರದೇ ಗುರುತಿರುವ ಒಂದು ಲಿಂಕ್ ಮತ್ತು ಒಂದು ಕೂಪನ್ ಕೋಡ್ ಸಿಗುತ್ತದೆ. ಅಮೆಜಾನ್ 1996ರಲ್ಲಿ ಪುಸ್ತಕ ಮಾರಾಟಕ್ಕೆಂದು ಇಂಥ ವ್ಯವಸ್ಥೆ ಆರಂಭಿಸಿದ ಮೇಲೆ ಇದು ಜಗತ್ತಿನಾದ್ಯಂತ ರೂಢಿಗೆ ಬಂತು. ಆದರೆ ಪುಸ್ತಕಕ್ಕೂ ಕೋರ್ಸಿಗೂ ಒಂದು ವ್ಯತ್ಯಾಸವಿದೆ. ಪುಸ್ತಕ ಮನೆ ತಲುಪಿದರೆ ವ್ಯವಹಾರ ಮುಗಿಯಿತು. ಕೋರ್ಸ್ ಮಾರಿದ ದಿನ ಕೆಲಸ ಶುರುವಾಗುತ್ತದೆ. ಕಲಿಯುವವರ ಅನುಮಾನಗಳಿಗೆ ತಿಂಗಳುಗಟ್ಟಲೆ ಉತ್ತರಿಸಬೇಕು. ಕಮಿಷನ್ ಲೆಕ್ಕ ಹಾಕುವಾಗ ಬಹಳ ಜನ ಮರೆಯುವುದು ಈ ಖರ್ಚನ್ನೇ.

2,360 ರೂಪಾಯಿಯಲ್ಲಿ ಉಳಿಯುವುದೆಷ್ಟು?

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ದಾವಣಗೆರೆಯ ಒಬ್ಬ ಟೈಲರಿಂಗ್ ಟೀಚರ್ ಬ್ಲೌಸ್ ಕಟಿಂಗ್ ಮತ್ತು ಹೊಲಿಗೆಯನ್ನು ಕನ್ನಡದಲ್ಲಿ ಆನ್‌ಲೈನ್ ಮೂಲಕ ಕಲಿಸುತ್ತಾರೆ ಎಂದಿಟ್ಟುಕೊಳ್ಳಿ. ವಿಡಿಯೋ ಪಾಠಗಳ ಜೊತೆಗೆ ಮೂರು ತಿಂಗಳು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸಹಾಯ ಸಿಗುತ್ತದೆ. ಅವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿರುವುದರಿಂದ ಜಿಎಸ್‌ಟಿ ನೋಂದಣಿ ಆಗಿದೆ. ಕೋರ್ಸಿನ ಬೆಲೆ ತೆರಿಗೆ ಸೇರಿ 2,360 ರೂಪಾಯಿ.

ಇದರಲ್ಲಿ ಶೇ 18ರ ಜಿಎಸ್‌ಟಿ, ಅಂದರೆ 360 ರೂಪಾಯಿ, ಸರ್ಕಾರದ್ದು. ಟೀಚರ್ ಕೈಗೆ ಬರುವುದು 2,000. ಪೇಮೆಂಟ್ ಗೇಟ್‌ವೇ ಸುಮಾರು ಶೇ 2ರಂತೆ 47 ರೂಪಾಯಿ ತೆಗೆದುಕೊಳ್ಳುತ್ತದೆ. ವಿಡಿಯೋ ಇಡುವ ಪ್ಲಾಟ್‌ಫಾರ್ಮಿನ ಬಾಡಿಗೆಯನ್ನು ಕಲಿಯುವವರ ಸಂಖ್ಯೆಗೆ ಹಂಚಿದರೆ ತಲೆಗೆ 53 ರೂಪಾಯಿ ಬೀಳುತ್ತದೆ ಎನ್ನೋಣ. ತೋಳಿನ ಕಟಿಂಗ್ ಕೆಟ್ಟಿತು, ಕತ್ತಿನ ಅಳತೆ ಹೊಂದಲಿಲ್ಲ ಎಂದು ಫೋಟೋ ಕಳಿಸುವವರಿಗೆ ಉತ್ತರಿಸಲು ಇಟ್ಟುಕೊಂಡ ಸಹಾಯಕಿಯ ಸಂಬಳ ಒಬ್ಬ ವಿದ್ಯಾರ್ಥಿನಿಗೆ 400 ರೂಪಾಯಿ. ಇಷ್ಟನ್ನೂ ಕಳೆದರೆ 1,500 ಉಳಿಯುತ್ತದೆ. ಟೀಚರ್ ಸಂಪಾದನೆ, ಹೊಸ ಪಾಠಗಳ ಚಿತ್ರೀಕರಣ, ಅಫಿಲಿಯೇಟ್ ಪಾಲು ಎಲ್ಲವೂ ಬರಬೇಕಾದದ್ದು ಈ 1,500ರಿಂದಲೇ.

ಈಗ ಇನ್ನೊಂದು ಅಂಕಿ ಬೇಕು. ಟೀಚರ್ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ತಿಂಗಳಿಗೆ ಸುರಿಯುವ ಹಣವನ್ನು ಅದರಿಂದ ಸೇರಿದವರ ಸಂಖ್ಯೆಯಿಂದ ಭಾಗಿಸಿದಾಗ ಒಬ್ಬರಿಗೆ 700 ರೂಪಾಯಿ ಬಂತು ಎನ್ನೋಣ. ಹಾಗಾದರೆ ಅಪರಿಚಿತ ಜಾಹೀರಾತಿಗೆ 700 ಕೊಡುವವರು, ಕೋರ್ಸನ್ನು ಬಲ್ಲವರೊಬ್ಬರು ಹೇಳಿ ಕಳಿಸಿದಾಗ 100 ರೂಪಾಯಿ ಕೈಗಿಡುವುದು ನ್ಯಾಯವಲ್ಲ. 700ಕ್ಕಿಂತ ಹೆಚ್ಚು ಕೊಡುವುದಾದರೆ ಅದಕ್ಕೆ ಕಾರಣ ಬೇಕು. ಟೀಚರ್ 2,000ದ ಮೇಲೆ ಶೇ 30 ಎಂದು ಗೊತ್ತುಮಾಡುತ್ತಾರೆ; ಅಂದರೆ ಒಂದು ಸೇರ್ಪಡೆಗೆ 600. ತಮಗೆ 900 ಉಳಿಯುತ್ತದೆ.

‘2,000ದ ಮೇಲೆ’ ಎಂಬುದನ್ನು ಗಮನಿಸಬೇಕು. ಅದೇ ಶೇ 30ನ್ನು 2,360ರ ಮೇಲೆ ಹಾಕಿದರೆ 708 ಆಗುತ್ತದೆ. ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯ ಮೇಲೂ ಕಮಿಷನ್ ಕೊಟ್ಟಂತೆ. ನಿಯಮದಲ್ಲಿ ‘ತೆರಿಗೆ ಮತ್ತು ರಿಯಾಯಿತಿ ಕಳೆದು ನಿಜವಾಗಿ ಬಂದ ಮೊತ್ತದ ಮೇಲೆ’ ಎಂದು ಬರೆದಿರದಿದ್ದರೆ ಅಫಿಲಿಯೇಟ್ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ, ಟೀಚರ್ ಇನ್ನೊಂದು. ಬಹುಪಾಲು ಜಗಳಗಳ ಮೂಲ ಇಲ್ಲಿದೆ. ಕೂಪನ್ ಮೂಲಕ ಬಂದವರಿಗೆ ಶೇ 10 ರಿಯಾಯಿತಿ ಇದ್ದರೆ ಮೂಲ ಮೊತ್ತ 1,800 ಆಗುತ್ತದೆ, ಕಮಿಷನ್ 540. ಖರ್ಚೆಲ್ಲ ಹೋಗಿ ಟೀಚರ್‌ಗೆ ಸುಮಾರು 765 ಉಳಿಯುತ್ತದೆ. ಇದು ತಾಳಿಕೊಳ್ಳಬಹುದಾದ ಲೆಕ್ಕ.

ಶೇ 70 ಕೊಟ್ಟರೆ ಏನಾಗುತ್ತದೆ? ಕಮಿಷನ್ನೇ 1,400. ಟೀಚರ್‌ಗೆ ಉಳಿಯುವುದು ನೂರು ರೂಪಾಯಿ. ಆಗ ಅವರ ಮುಂದೆ ಎರಡೇ ದಾರಿ: ಬೆಲೆ ಏರಿಸುವುದು, ಇಲ್ಲವೇ ಅನುಮಾನ ಪರಿಹರಿಸುವ ಸಹಾಯಕಿಯನ್ನು ಬಿಡಿಸುವುದು. ಎರಡರಲ್ಲೂ ಪೆಟ್ಟು ಬೀಳುವುದು ಕಲಿಯಲು ಬಂದವರಿಗೆ. ಆದ್ದರಿಂದ ನ್ಯಾಯದ ಲೆಕ್ಕದಲ್ಲಿ ಪಾಲುದಾರರು ಇಬ್ಬರಲ್ಲ, ಮೂವರು. ಹಣ ಕೊಡುವ ಮೂರನೆಯವರು ಮಾತುಕತೆಯಲ್ಲಿ ಹಾಜರಿರುವುದಿಲ್ಲ, ಅಷ್ಟೇ.

ಮೆಟ್ಟಿಲು ದರದ ಅಪಾಯ

ಹೆಚ್ಚು ತಂದವರಿಗೆ ಹೆಚ್ಚು ದರ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ‘ತಿಂಗಳಿಗೆ ಹತ್ತು ಜನರನ್ನು ಸೇರಿಸಿದರೆ ಎಲ್ಲ ಸೇರ್ಪಡೆಗೂ ಶೇ 40’ ಎಂದು ಟೀಚರ್ ಘೋಷಿಸಿದರು ಎನ್ನಿ. ಒಂಬತ್ತು ಜನರನ್ನು ತಂದವರಿಗೆ 600ರಂತೆ 5,400 ಸಿಗುತ್ತದೆ. ಹತ್ತನೆಯವರು ಬಂದ ಕೂಡಲೇ ಎಲ್ಲಕ್ಕೂ 800ರಂತೆ 8,000 ಆಗುತ್ತದೆ. ಅಂದರೆ ಆ ಹತ್ತನೆಯ ಒಂದೇ ಸೇರ್ಪಡೆಯ ಬೆಲೆ 2,600 ರೂಪಾಯಿ. ಕೋರ್ಸಿನ ಬೆಲೆಯೇ 2,360! ತಿಂಗಳ ಕೊನೆಗೆ ಒಂಬತ್ತರಲ್ಲಿ ನಿಂತವರು ಅಕ್ಕನ ಹೆಸರಿನಲ್ಲಿ ತಾವೇ ದುಡ್ಡು ಕಟ್ಟಿದರೂ 240 ರೂಪಾಯಿ ಲಾಭ. ಆಮೇಲೆ ರಿಫಂಡ್ ಕೇಳಿದರೆ ಇನ್ನೂ ಲಾಭ.

ಪ್ರಾಮಾಣಿಕರನ್ನೂ ಅಡ್ಡದಾರಿಗೆ ಎಳೆಯುವ ನಿಯಮ ಇದು. ದರ ಏರಿಸಲೇಬೇಕಿದ್ದರೆ ಹತ್ತನೆಯ ಸೇರ್ಪಡೆಯಿಂದ ಮುಂದಿನವಕ್ಕೆ ಮಾತ್ರ ಹೊಸ ದರ ಅನ್ವಯವಾಗಬೇಕು. ಹಿಂದಿನವು ಹಿಂದಿನ ದರದಲ್ಲೇ ಉಳಿಯಬೇಕು. ಆಗ ಹತ್ತನೆಯದರ ಬೆಲೆ 800 ಮಾತ್ರ. ಅದಕ್ಕಾಗಿ ಯಾರೂ 2,360 ಕಟ್ಟುವುದಿಲ್ಲ. ಸಣ್ಣ ಮಟ್ಟದಲ್ಲಿ ಶುರುಮಾಡುವವರಿಗೆ ಎಲ್ಲರಿಗೂ ಒಂದೇ ದರ ಇಡುವುದು ಇನ್ನೂ ಒಳ್ಳೆಯದು. ಹೊಲಿಗೆ ಯಂತ್ರದ ಅಂಗಡಿಯವರಿಗೂ ಹಳೆಯ ವಿದ್ಯಾರ್ಥಿನಿಗೂ ಯೂಟ್ಯೂಬ್ ನಡೆಸುವವರಿಗೂ ಶೇ 30. ಗುಟ್ಟಿನ ದರ ಇಲ್ಲ ಎಂಬ ನಂಬಿಕೆಯೇ ಇಂಥ ಬಳಗವನ್ನು ಹಿಡಿದಿಡುತ್ತದೆ.

ಯಾರು ಕಳಿಸಿದ್ದು ಎಂದು ತಿಳಿಯುವುದು ಹೇಗೆ?

ದರ ಎಷ್ಟೇ ನ್ಯಾಯವಾಗಿದ್ದರೂ ‘ಇವರು ನನ್ನಿಂದ ಬಂದವರು’ ಎಂಬುದು ಲೆಕ್ಕಕ್ಕೇ ಸೇರದಿದ್ದರೆ ಪ್ರಯೋಜನವಿಲ್ಲ. ಅಫಿಲಿಯೇಟ್ ಲಿಂಕ್ ನೋಡಲು ಹೀಗಿರುತ್ತದೆ:

```
https://example.com/blouse?ref=SHANTA
```

ಕೊನೆಯಲ್ಲಿರುವ ಹೆಸರೇ ಗುರುತು. ಲಿಂಕ್ ಒತ್ತಿದವರ ಬ್ರೌಸರಿನಲ್ಲಿ ಕುಕೀ ಎಂಬ ಚಿಕ್ಕ ಟಿಪ್ಪಣಿ ಉಳಿಯುತ್ತದೆ. ಅವರು ಮುಂದೆ ಹಣ ಕಟ್ಟಿದಾಗ ಆ ಟಿಪ್ಪಣಿ ನೋಡಿ ಕಮಿಷನ್ ಯಾರಿಗೆ ಎಂದು ಸಾಫ್ಟ್‌ವೇರ್ ನಿರ್ಧರಿಸುತ್ತದೆ. ಟೀಚಬಲ್, ಥಿಂಕಿಫಿಕ್‌ನಂಥ ಕೋರ್ಸ್ ಪ್ಲಾಟ್‌ಫಾರ್ಮುಗಳಲ್ಲಿ ಈ ಸೌಲಭ್ಯ ಇದೆ. ವರ್ಡ್‌ಪ್ರೆಸ್ ಬಳಸುವವರಿಗೆ ಪ್ಲಗಿನ್‌ಗಳು ಸಿಗುತ್ತವೆ. ತೊಂದರೆ ಇರುವುದು ನಮ್ಮವರು ಫೋನ್ ಬಳಸುವ ರೀತಿಯಲ್ಲಿ.

ರಾಣೆಬೆನ್ನೂರಿನ ಒಬ್ಬರು ಇನ್‌ಸ್ಟಾಗ್ರಾಮಿನಲ್ಲಿ ಶಾಂತಾ ಅವರ ಲಿಂಕ್ ಒತ್ತುತ್ತಾರೆ ಎನ್ನೋಣ. ಪುಟ ತೆರೆಯುವುದು ಇನ್‌ಸ್ಟಾಗ್ರಾಮಿನ ಒಳಗೇ ಇರುವ ಬ್ರೌಸರಿನಲ್ಲಿ. ಕುಕೀ ಅಲ್ಲೇ ಕೂರುತ್ತದೆ. ಪಾಠದ ಮಾದರಿ ನೋಡಿ ಇಷ್ಟವಾದರೂ ಸಂಘದ ಹಣ ಬರಲಿ ಎಂದು ಕಾಯುತ್ತಾರೆ. ಎಂಟು ದಿನದ ಮೇಲೆ ಕ್ರೋಮ್ ತೆರೆದು ಟೀಚರ್ ಹೆಸರು ಹುಡುಕಿ ಹಣ ಕಟ್ಟುತ್ತಾರೆ. ಕ್ರೋಮಿಗೆ ಇನ್‌ಸ್ಟಾಗ್ರಾಮಿನ ಕುಕೀ ಗೊತ್ತಿಲ್ಲ. ಐಫೋನ್ ಆದರೆ ಒಂದೇ ಬ್ರೌಸರಿನಲ್ಲಿದ್ದರೂ ಸಮಸ್ಯೆ ತಪ್ಪದು. ಸಫಾರಿ ಇಂಥ ಕುಕೀಗಳಲ್ಲಿ ಹಲವನ್ನು ಏಳು ದಿನಕ್ಕೇ ಅಳಿಸಿಬಿಡುತ್ತದೆ. ಶಾಂತಾ ಅವರ ಖಾತೆಯಲ್ಲಿ ಸೊನ್ನೆ. ‘ಮೇಡಂ, ಅವರಿಗೆ ಹೇಳಿದ್ದೇ ನಾನು, ನನ್ನ ಹೆಸರೇ ಬಂದಿಲ್ಲವಲ್ಲ’ ಎಂದು ಅವರು ಕೇಳಿದರೆ ಟೀಚರ್ ಬಳಿ ಉತ್ತರವಿರುವುದಿಲ್ಲ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಆದರೂ ಅನ್ಯಾಯವಾಗಿದೆ.

ಪರಿಹಾರ ಸರಳ: ಗುರುತನ್ನು ಬ್ರೌಸರಿಗೆ ಕಟ್ಟುವ ಬದಲು ಮೊಬೈಲ್ ನಂಬರಿಗೆ ಕಟ್ಟುವುದು. ಉಚಿತ ಮಾದರಿ ಪಾಠ ನೋಡಲು ಹೆಸರು, ನಂಬರ್ ಕೊಡಬೇಕು ಎಂದು ಮಾಡಿ, ಆ ಕ್ಷಣದಲ್ಲಿ ಯಾರ ಲಿಂಕಿನಿಂದ ಬಂದರು ಎಂಬುದನ್ನು ನಂಬರಿನ ಪಕ್ಕದಲ್ಲೇ ದಾಖಲಿಸಿದರೆ ಸಾಕು. ಮುಂದೆ ಅವರು ಯಾವ ಫೋನಿನಿಂದ, ಯಾವ ಬ್ರೌಸರಿನಿಂದ ಹಣ ಕಟ್ಟಿದರೂ ಅದೇ ನಂಬರ್ ಕೊಟ್ಟಾಗ ಶಾಂತಾ ಅವರ ಹೆಸರು ಸಿಗುತ್ತದೆ. ಇದಕ್ಕೆ ಅರವತ್ತು ದಿನಗಳ ಅವಧಿ ಇಟ್ಟರೆ ಎರಡು ಸಂಬಳದ ದಿನಗಳು ಅದರೊಳಗೆ ಬರುತ್ತವೆ. ಮನೆಯಲ್ಲಿ ಕೇಳಿ, ಹಣ ಹೊಂದಿಸಿಕೊಂಡು ಸೇರುವವರಿಗೆ ಅಷ್ಟು ಸಮಯ ಬೇಕು.

ಎರಡು ಗುರುತುಗಳು ಎದುರಾದಾಗ ಯಾವುದು ಗೆಲ್ಲಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು. ಮೊದಲಿಗೆ ನಂಬರಿನ ದಾಖಲೆ, ಅದಿಲ್ಲದಿದ್ದರೆ ಕೂಪನ್, ಅದೂ ಇಲ್ಲದಿದ್ದರೆ ಲಿಂಕಿನ ಕುಕೀ, ಕೊನೆಗೆ ಅರ್ಜಿಯಲ್ಲಿ ‘ನಿಮಗೆ ಯಾರು ಹೇಳಿದರು?’ ಎಂಬ ಪ್ರಶ್ನೆಗೆ ಬರೆದ ಉತ್ತರ. ಈ ಕ್ರಮ ಒಳ್ಳೆಯದು. ಕೂಪನ್‌ಗೆ ಮೊದಲ ಸ್ಥಾನ ಏಕಿಲ್ಲವೆಂದರೆ, ಅದು ಹಣ ಕಟ್ಟುವ ಕೊನೆಯ ಗಳಿಗೆಯಲ್ಲಿ ಬರುತ್ತದೆ. ವಾರಗಟ್ಟಲೆ ಯಾರೋ ವಿವರಿಸಿ ಒಪ್ಪಿಸಿರುತ್ತಾರೆ. ಕೊನೆಗೆ ಗೂಗಲಿನಲ್ಲಿ ಸಿಕ್ಕ ಕೂಪನ್ ಹಾಕಿದ್ದಕ್ಕೆ ಕಮಿಷನ್ ಇನ್ಯಾರದೋ ಪಾಲಾಗುತ್ತದೆ. ಪೇಪಾಲ್ ಒಡೆತನದ ಹನಿ ಎಂಬ ಕೂಪನ್ ಹುಡುಕುವ ಸಾಧನದ ವಿರುದ್ಧ 2024ರ ಡಿಸೆಂಬರಿನಲ್ಲಿ ಕೇಳಿಬಂದ ದೊಡ್ಡ ಆರೋಪವೂ ಇಂಥದ್ದೇ: ಯೂಟ್ಯೂಬರ್‌ಗಳು ತಂದ ಗ್ರಾಹಕರ ಗುರುತನ್ನು ಅದು ಕೊನೆಯ ಹಂತದಲ್ಲಿ ತನ್ನ ಗುರುತಿನಿಂದ ಬದಲಿಸುತ್ತದೆ ಎಂಬುದು. ಅಮೆರಿಕದಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲೂ ಹತ್ತಿದರು. ಕೂಪನ್ ಹಾಕಿದವರಿಗೆ ರಿಯಾಯಿತಿ ಸಿಗಲಿ. ಕಮಿಷನ್ ಮಾತ್ರ ಮೊದಲು ಕರೆತಂದವರಿಗೇ ಹೋಗಲಿ.

ಹಣ ಯಾವಾಗ ಕೈ ಸೇರುತ್ತದೆ?

ಟೀಚರ್ 14 ದಿನಗಳ ರಿಫಂಡ್ ಕೊಡುತ್ತಾರೆ. ಸೇರಿದ ದಿನವೇ ಕಮಿಷನ್ ಕಳಿಸಿಬಿಟ್ಟರೆ, ವಿದ್ಯಾರ್ಥಿನಿ ಹಣ ಹಿಂಪಡೆದಾಗ ಅಫಿಲಿಯೇಟ್ ಹತ್ತಿರ ವಾಪಸ್ ಕೇಳಬೇಕಾಗುತ್ತದೆ. ಕೊಟ್ಟ ಹಣ ಕೇಳುವುದು ಇಬ್ಬರಿಗೂ ಮುಜುಗರ. ಅದಕ್ಕೇ ಮೊದಲ 14 ದಿನ ಕಮಿಷನ್ ‘ಬಾಕಿ’ ಎಂದು ಕಾಣಬೇಕು, ಆಮೇಲೆ ‘ಖಚಿತ’ ಆಗಬೇಕು, ಖಚಿತವಾದದ್ದು ಪ್ರತಿ ತಿಂಗಳ 10ನೇ ತಾರೀಖು ಖಾತೆಗೆ ಹೋಗಬೇಕು. ಜೂನ್ 3ರಂದು ಸೇರಿದವರ ಅವಧಿ ಜೂನ್ 17ಕ್ಕೆ ಮುಗಿಯುತ್ತದೆ. ಕಮಿಷನ್ ಜುಲೈ 10ಕ್ಕೆ. ಜೂನ್ 28ರಂದು ಸೇರಿದವರದು ಜುಲೈ 12ಕ್ಕೆ ಖಚಿತವಾಗುವುದರಿಂದ ಆಗಸ್ಟ್ 10ಕ್ಕೆ ಹೋಗುತ್ತದೆ. ಈ ಎರಡು ಉದಾಹರಣೆಗಳನ್ನು ನಿಯಮದ ಜೊತೆಗೇ ಬರೆದುಕೊಟ್ಟರೆ ‘ನನ್ನದು ಯಾಕೆ ತಡ?’ ಎಂಬ ಫೋನ್‌ಗಳು ಬರುವುದಿಲ್ಲ.

ಎರಡು ಕಂತಿನಲ್ಲಿ ಕಟ್ಟುವವರಿದ್ದರೆ ಕಮಿಷನ್ ಕೂಡ ಕಂತಿನಂತೆ ಬರಬೇಕು. 1,180 ಬಂದಾಗ 300, ಮತ್ತೆ 1,180 ಬಂದಾಗ ಇನ್ನೊಂದು 300. ‘ಐದು ಸಾವಿರ ಆದ ಮೇಲೆ ಮಾತ್ರ ಹಣ ಕೊಡುತ್ತೇವೆ’ ಎಂಬ ಷರತ್ತು ಕೆಲವೆಡೆ ಇರುತ್ತದೆ. ವರ್ಷಕ್ಕೆ ಇಬ್ಬರನ್ನೋ ಮೂವರನ್ನೋ ಕಳಿಸುವ ಹಳೆಯ ವಿದ್ಯಾರ್ಥಿನಿಗೆ ಇದರಿಂದ ವರ್ಷಗಟ್ಟಲೆ ಹಣ ಸಿಗುವುದೇ ಇಲ್ಲ. ಯುಪಿಐ ಇರುವ ಕಾಲದಲ್ಲಿ 600 ರೂಪಾಯಿ ಕಳಿಸುವುದಕ್ಕೆ ಅಡ್ಡಿ ಏನೂ ಇಲ್ಲ.

ತೆರಿಗೆಯ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಕಮಿಷನ್ ಮೇಲಿನ ಟಿಡಿಎಸ್ ದರ 2024ರ ಅಕ್ಟೋಬರ್ 1ರಿಂದ ಶೇ 5ರಿಂದ ಶೇ 2ಕ್ಕೆ ಇಳಿಯಿತು. 2025ರ ಏಪ್ರಿಲ್‌ನಿಂದ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿವರೆಗೆ ಕಡಿತವಿಲ್ಲ. 600ರ ಲೆಕ್ಕದಲ್ಲಿ 34ನೇ ಸೇರ್ಪಡೆಗೆ ಒಟ್ಟು 20,400 ಆಗಿ ಮಿತಿ ದಾಟುತ್ತದೆ; ಆಗ ಇಡೀ ಮೊತ್ತದ ಶೇ 2, ಅಂದರೆ 408 ರೂಪಾಯಿ ಹಿಡಿಯಬೇಕು. ಮಾರುವವರು ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಆಗಿದ್ದರೆ ಇದು ಕಡ್ಡಾಯ. ಒಬ್ಬರೇ ನಡೆಸುವ ವ್ಯಾಪಾರವಾದರೆ ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿದ್ದರೆ ಮಾತ್ರ ಕಡಿತದ ಹೊಣೆ ಬರುತ್ತದೆ. ಪ್ಯಾನ್ ಕೊಡದವರಿಗೆ ಶೇ 20 ಕಡಿತವಾಗುವುದರಿಂದ ಸೇರಿಸಿಕೊಳ್ಳುವಾಗಲೇ ಪ್ಯಾನ್ ಪಡೆಯಬೇಕು. ಕಡಿತವಾದದ್ದು ಕಳೆದುಹೋಗುವುದಿಲ್ಲ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ ಎಂದೂ ತಿಳಿಸಬೇಕು. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಕಮಿಷನ್ ಬಿಲ್ಲಿಗೆ ಶೇ 18 ಸೇರಿಸುತ್ತಾರೆ. 600 ಎಂಬುದು ಅದನ್ನು ಬಿಟ್ಟೋ ಸೇರಿಯೋ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ.

ಕಲಿಸುವುದೋ, ಸರಪಳಿ ಕಟ್ಟುವುದೋ?

ಅಫಿಲಿಯೇಟ್ ಎಂಬ ಹೆಸರಿಗೇ ನಮ್ಮಲ್ಲಿ ಕಳಂಕ ತಂದ ಒಂದು ಬಗೆಯ ವ್ಯಾಪಾರವಿದೆ. ಮೊದಲು ಸಾವಿರಾರು ರೂಪಾಯಿ ಕೊಟ್ಟು ಕೋರ್ಸ್ ಕೊಳ್ಳಬೇಕು. ಆ ಕೋರ್ಸು ಕಲಿಸುವುದು ಅದೇ ಕೋರ್ಸನ್ನು ಇನ್ನೊಬ್ಬರಿಗೆ ಮಾರುವುದನ್ನು. ಅವರು ಮಾರಿದರೆ ಅದರಲ್ಲೂ ಪಾಲು. ಕಾಲೇಜು ಹುಡುಗ ಹುಡುಗಿಯರು ಮನೆಯವರ ಹಣ ಸುರಿದು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 1978ರ ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆಯೂ 2021ರ ನೇರ ಮಾರಾಟ ನಿಯಮಗಳೂ ತಡೆಯಲು ಹೊರಟಿರುವುದು ಇಂಥ ಸರಪಳಿಗಳನ್ನೇ. ಕಮಿಷನ್ ನಿಂತುಹೋದರೂ ಈ ಕೋರ್ಸನ್ನು ಯಾರಾದರೂ ಕಲಿಯಲೆಂದು ಕೊಳ್ಳುತ್ತಾರೆಯೇ ಎಂದು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಬ್ಲೌಸ್ ಹೊಲಿಯಲು ಕಲಿಯುವವರು ಇದ್ದೇ ಇರುತ್ತಾರೆ.

ಹಾಗಾಗಿ ಟೀಚರ್ ಮೂರು ನಿಯಮ ಹಾಕಿಕೊಳ್ಳಬೇಕು. ಅಫಿಲಿಯೇಟ್ ಆಗಲು ಶುಲ್ಕವಿಲ್ಲ. ಕೋರ್ಸ್ ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಕೆಲವು ಪಾಠಗಳನ್ನು ಉಚಿತವಾಗಿ ತೋರಿಸಿ, ತಾವು ಏನನ್ನು ಹೇಳುತ್ತಿದ್ದೇವೆ ಎಂದು ಅವರಿಗೆ ತಿಳಿಯುವಂತೆ ಮಾಡಿದರಾಯಿತು. ಇನ್ನೊಬ್ಬ ಅಫಿಲಿಯೇಟನ್ನು ತಂದಿದ್ದಕ್ಕೆ ಹಣವಿಲ್ಲ. ಕಲಿಯುವವರನ್ನು ತಂದರೆ ಮಾತ್ರ.

ಹೇಳುವ ಮಾತಿಗೂ ಹದ್ದು ಬೇಕು. ‘ತಿಂಗಳಿಗೆ ಮೂವತ್ತು ಸಾವಿರ ದುಡಿಯಿರಿ’ ಎಂದು ಅಫಿಲಿಯೇಟ್ ವಿಡಿಯೋ ಮಾಡಿದರೆ ಅದನ್ನು ನಂಬಿ ಬಂದವರು ದೂರುವುದು ಟೀಚರನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದನ್ನು ಹೊಗಳಿ ಪ್ರಚಾರ ಮಾಡಿದವರಿಗೂ ಅದು ತಟ್ಟಬಹುದು. ಹಣ ಪಡೆದು ಶಿಫಾರಸು ಮಾಡುವವರು ಆ ಸಂಬಂಧವನ್ನು ಬಹಿರಂಗವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿತು. ಕನ್ನಡದಲ್ಲಿ ಪ್ರಚಾರ ಮಾಡುವವರು ಕನ್ನಡದಲ್ಲೇ, ಮಾತಿನ ಆರಂಭದಲ್ಲೇ, ‘ಈ ಲಿಂಕಿನಿಂದ ನೀವು ಸೇರಿದರೆ ನನಗೆ ಕಮಿಷನ್ ಬರುತ್ತದೆ’ ಎಂದು ಹೇಳಬೇಕು.

ತಪ್ಪು ನಡೆಯುತ್ತಿದ್ದರೆ ಎಲ್ಲಿ ಕಾಣುತ್ತದೆ?

ತಿಂಗಳಿಗೊಮ್ಮೆ ಪ್ರತಿ ಅಫಿಲಿಯೇಟ್ ಎದುರು ಎರಡು ವಿಷಯ ನೋಡಿದರೆ ಸಾಕು: ಅವರಿಂದ ಬಂದವರಲ್ಲಿ ಎಷ್ಟು ಜನ ರಿಫಂಡ್ ಕೇಳಿದರು, ಎಷ್ಟು ಜನ ಮೊದಲ ಮೂರು ಪಾಠ ಮುಗಿಸಿದರು. ಎಲ್ಲರಲ್ಲೂ ನೂರಕ್ಕೆ ಐದು ರಿಫಂಡ್ ಇರುವಾಗ ಒಬ್ಬರಲ್ಲಿ ಮಾತ್ರ ನಲವತ್ತಕ್ಕೆ ಹನ್ನೆರಡು ಇದ್ದರೆ ಅವರು ಇಲ್ಲದ್ದನ್ನು ಹೇಳಿ ಮಾರುತ್ತಿರಬಹುದು. ಯಾರೂ ಪಾಠವನ್ನೇ ತೆರೆಯದಿದ್ದರೆ ಅವು ಸುಳ್ಳು ಸೇರ್ಪಡೆಗಳಾಗಿರಬಹುದು. ಹಲವು ಹೆಸರುಗಳಿಗೆ ಒಂದೇ ಯುಪಿಐ ಐಡಿಯಿಂದ ಹಣ ಬಂದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಲಿಂಕ್ ಒತ್ತಿದವರೇ ಇಲ್ಲದೆ ಕೂಪನ್ ಬಳಕೆ ಮಾತ್ರ ಏರಿದ್ದರೆ ಅದು ಕೂಪನ್ ಜಾಲತಾಣಕ್ಕೆ ಸೋರಿದೆ ಎಂದರ್ಥ. ಅದನ್ನು ಬದಲಿಸಿಕೊಟ್ಟರೆ ಮುಗಿಯಿತು.

ಆದರೆ ಅನುಮಾನವೇ ತೀರ್ಪಲ್ಲ. ಹಣ ತಡೆಹಿಡಿಯುವ ಮೊದಲು ದಾಖಲೆ ತೋರಿಸಿ, ಉತ್ತರಿಸಲು ಏಳು ದಿನ ಕೊಡಬೇಕು. ಒಂದೇ ಯುಪಿಐ ಐಡಿಯಿಂದ ಮೂವರ ಹಣ ಬಂದಿರುವುದಕ್ಕೆ ಸಂಘದ ಅಧ್ಯಕ್ಷೆಯೇ ಎಲ್ಲರ ಪರವಾಗಿ ಕಟ್ಟಿದ್ದು ಕಾರಣವಾಗಿರಬಹುದು. ದರ ಬದಲಿಸುವುದಾದರೆ ಮೂವತ್ತು ದಿನ ಮೊದಲೇ ತಿಳಿಸಬೇಕು. ಆಗಲೇ ನಂಬರ್ ದಾಖಲಾದವರಿಗೆ ಹಳೆಯ ದರವೇ ನಡೆಯಬೇಕು. ಒಬ್ಬರನ್ನು ಕೈಬಿಟ್ಟರೂ ಅವರು ಪ್ರಾಮಾಣಿಕವಾಗಿ ದುಡಿದ ಕಮಿಷನ್ ಕೈಸೇರಲೇಬೇಕು.

ಎಲ್ಲ ಕೋರ್ಸಿಗೂ ಈ ವ್ಯವಸ್ಥೆ ಹೊಂದುವುದಿಲ್ಲ. ಇದೇ ಟೀಚರ್ ಬೆಲೆಯನ್ನು 499ಕ್ಕೆ ಇಳಿಸಿದರೆ ತೆರಿಗೆ ಕಳೆದು 423 ಉಳಿಯುತ್ತದೆ. ಸಹಾಯಕಿಯ ಸಂಬಳಕ್ಕೇ 400 ಹೋದರೆ ಹಂಚಲು ಏನೂ ಇರುವುದಿಲ್ಲ. ಅಲ್ಲಿ ಕಮಿಷನ್ ಆಸೆ ತೋರಿಸುವ ಬದಲು, ಗೆಳತಿಯನ್ನು ಕಳಿಸಿದ ಹಳೆಯ ವಿದ್ಯಾರ್ಥಿನಿಗೆ ಒಂದು ಹೆಚ್ಚುವರಿ ಪಾಠ ಉಚಿತವಾಗಿ ಕೊಡುವುದು ಮೇಲು. ಹಂಚಲು ಇರುವವರು ಮೊದಲು ಹತ್ತು ಜನ ಹಳೆಯ ವಿದ್ಯಾರ್ಥಿನಿಯರೊಂದಿಗೆ ಮೂರು ತಿಂಗಳು ನಡೆಸಿ ನೋಡಿ, ನಿಯಮಗಳಲ್ಲಿ ತೂತು ಎಲ್ಲಿದೆ ಎಂದು ತಿಳಿದ ಮೇಲೆ ಬಾಗಿಲು ತೆರೆಯಲಿ.

ದರ ನ್ಯಾಯವಾಗಿದೆಯೇ ಎಂದು ನೋಡಿಕೊಳ್ಳಲು ಕೊನೆಗೊಂದು ಪರೀಕ್ಷೆ ಇದೆ. ಸೇರಿದ ವಿದ್ಯಾರ್ಥಿನಿ ‘ಮೇಡಂ, ನಾನು ಕೊಟ್ಟ 2,360ರಲ್ಲಿ ನನಗೆ ಹೇಳಿದವರಿಗೆ ಎಷ್ಟು ಹೋಯಿತು?’ ಎಂದು ನೇರವಾಗಿ ಕೇಳಿದರೆ, ‘ಆರು ನೂರು, ನಿಮಗೆ ಕಲಿಸಿ, ಮೂರು ತಿಂಗಳು ಜೊತೆಗಿರಲು ಬೇಕಾದದ್ದನ್ನು ಎತ್ತಿಟ್ಟು ಉಳಿದದ್ದರಲ್ಲಿ ಕೊಟ್ಟೆ’ ಎಂದು ಟೀಚರ್ ತಡವರಿಸದೆ ಹೇಳುವಂತಿರಬೇಕು. ಹಾಗೆ ಹೇಳಲಾಗದ ದರವನ್ನು ಎಷ್ಟೇ ಮಾರಾಟ ತಂದುಕೊಟ್ಟರೂ ಇಡಬಾರದು.